ಹೆಗಲ ಮೇಲಿನ ಕೈ

ನನಗೆ ದೆವ್ವದ ಭಯ ಅಷ್ಟಾಗಿ ಇಲ್ಲ. ಹಲಸೂರಿನ ಹಳೇ ಬೀದಿಯಲ್ಲಿ ಹುಟ್ಟಿ ಬೆಳೆದವನಿಗೆ ಅದು ಇದ್ದರೆ ಬದುಕುವುದೇ ಕಷ್ಟ. ಕೆರೆ ಏರಿಯ ಮೇಲೆ ಬಿಳಿ ಸೀರೆಯವಳೊಬ್ಬಳು ಓಡಾಡುತ್ತಾಳೆ ಎಂದು ನಮ್ಮ ಬೀದಿಯ ಪ್ರತಿಯೊಬ್ಬರೂ ನಂಬಿದ್ದರು, ನಂಬಿಕೊಂಡೇ ಸಂಜೆ ಅಲ್ಲಿ ಗಾಳಿ ಸೇವನೆಗೂ ಹೋಗುತ್ತಿದ್ದರು. ನಾನು ಹೆದರುತ್ತಿದ್ದುದು ಬದುಕಿರುವ ಒಬ್ಬ ಮನುಷ್ಯನಿಗೆ. ಅವನ ಹೆಸರು ಪ್ರಭಾಕರ, ಮನೆಯಲ್ಲಿ ಕರೆಯುವುದು ಪ್ರಭು. ನನ್ನ ದೊಡ್ಡಪ್ಪನ ಮಗ, ನನಗಿಂತ ಕೆಲವು ತಿಂಗಳಿಗೆ ದೊಡ್ಡವನು. ಬುದ್ಧಿ ಬಂದ ಮೇಲೆ ನಾನು ಅವನನ್ನು ಒಮ್ಮೆಯೂ ಕಂಡಿರಲಿಲ್ಲ. ಆದರೆ ಅವನಿಲ್ಲದೆ ನಮ್ಮ ಮನೆಯಲ್ಲಿ ಒಂದು ಹೊತ್ತಿನ ಊಟವೂ ನಡೆಯುತ್ತಿರಲಿಲ್ಲ. ಎಲ್ಲ ಮನೆಗೂ ಒಬ್ಬ ಮನೆದೇವರು ಇರುತ್ತಾನೆ. ಅದರ ಜೊತೆಗೆ ಒಬ್ಬ ಮನೆಮಾದರಿಯೂ ಇರುತ್ತಾನೆ. ದೇವರಿಗೆ ವರ್ಷಕ್ಕೊಮ್ಮೆ ಹರಕೆ ಒಪ್ಪಿಸಿದರೆ ಮುಗಿಯಿತು. ಮಾದರಿಗೆ ಮೂರು ಹೊತ್ತೂ ಒಪ್ಪಿಸಬೇಕು, ಒಪ್ಪಿಸಬೇಕಾದದ್ದು ನಮ್ಮ ಮಾನವನ್ನು.

ಸಹಪಾಠಿಗಳ ಜೊತೆಗೂ ನನ್ನನ್ನು ಹೋಲಿಸುತ್ತಿದ್ದರು. ಅದು ನನಗೆ ಅಷ್ಟು ನಾಟುತ್ತಿರಲಿಲ್ಲ. ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಆರೋಗ್ಯಸ್ವಾಮಿ ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆಯುತ್ತಿದ್ದ ಎಂಬುದು ನಿಜ. ಆದರೆ ಅವನ ಮೂಗು ಸದಾ ಸುರಿಯುತ್ತಿತ್ತು ಎಂಬುದೂ ನಿಜ, ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಕಣ್ಣೆದುರಿಗಿರುವ ಮಾದರಿಯಲ್ಲಿ ಒಂದಲ್ಲ ಒಂದು ಊನ ಸಿಕ್ಕೇ ಸಿಗುತ್ತದೆ, ಅದನ್ನು ಹಿಡಿದುಕೊಂಡು ನೆಮ್ಮದಿಯಾಗಿರಬಹುದು. ಪ್ರಭುವಿನ ಮೂಗನ್ನು ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ಅಲ್ಲಿ ಅದು ಒಣಗಿತ್ತು.

ಆ ಫೋಟೋ ನಾನು ಓದಲು ಕೂರುತ್ತಿದ್ದ ಮೂಲೆಯ ಗೋಡೆಯ ಮೇಲಿತ್ತು. ಕಪ್ಪು ಬಿಳುಪಿನದು, ಶಿವಾಜಿನಗರದ ಯಾವುದೋ ಸ್ಟುಡಿಯೋದಲ್ಲಿ ತೆಗೆಸಿದ್ದು. ಐದಾರು ವರ್ಷದ ಹುಡುಗ, ಎಣ್ಣೆ ಹಚ್ಚಿ ಬಾಚಿದ ತಲೆ, ಕತ್ತಿನವರೆಗೂ ಗುಂಡಿ ಹಾಕಿದ ಅಂಗಿ, ಕ್ಯಾಮೆರಾವನ್ನೇ ದುರುಗುಟ್ಟಿಕೊಂಡು ನೋಡುವ ಕಣ್ಣು. ಇಷ್ಟೇ ಆಗಿದ್ದರೆ ನಾನು ತಾಳಿಕೊಳ್ಳುತ್ತಿದ್ದೆ. ಆದರೆ ಅವನ ಎಡ ಹೆಗಲ ಮೇಲೆ ಒಂದು ಕೈ ಇತ್ತು. ಬರೀ ಕೈ. ಐದು ಬೆರಳು, ಮಣಿಕಟ್ಟು, ಅಲ್ಲಿಗೆ ಫೋಟೋ ಮುಗಿಯುತ್ತಿತ್ತು. ಯಾರೋ ಕತ್ತರಿಯಿಂದ ನೆಟ್ಟಗೆ ಕತ್ತರಿಸಿದ್ದರು. ಅದು ಯಾರ ಕೈ ಎಂದು ಅಮ್ಮನನ್ನು ಕೇಳಿದರೆ, ಅದನ್ನೆಲ್ಲ ನೋಡಬೇಡ, ಅವನ ಮುಖ ನೋಡು, ಎಷ್ಟು ಚುರುಕಾಗಿದೆ ಎನ್ನುತ್ತಿದ್ದಳು. ಅಪ್ಪನನ್ನು ಕೇಳುವ ಧೈರ್ಯ ಇರಲಿಲ್ಲ. ಎಂಬತ್ತರ ದಶಕದಲ್ಲಿ ಮುಸ್ಸಂಜೆ ಆಗುತ್ತಿದ್ದ ಹಾಗೆ ಕರೆಂಟು ಹೋಗುವುದು ವಾಡಿಕೆ. ಸೀಮೆಎಣ್ಣೆ ಬುಡ್ಡಿ ಹಚ್ಚಿಟ್ಟಾಗ ಪ್ರಭುವಿನ ಮುಖ ಕತ್ತಲೆಗೆ ಸರಿದುಬಿಡುತ್ತಿತ್ತು, ಆ ಕೈ ಮಾತ್ರ ಬೆಳ್ಳಗೆ ಉಳಿಯುತ್ತಿತ್ತು. ವರ್ಷದಿಂದ ವರ್ಷಕ್ಕೆ ಅದರ ಹಿಡಿತ ಬಿಗಿಯಾಗುತ್ತಿದೆ ಎಂದು ನನಗೆ ಖಾತ್ರಿಯಾಗಿತ್ತು. ಪ್ರಭುವನ್ನು ಅಷ್ಟು ಓದಿಸುತ್ತಿರುವುದು ಆ ಕೈಯೇ ಎಂದೂ, ಅವನ ಓದು ಮುಗಿದ ದಿನ ಅದು ಅಲ್ಲಿಂದ ಎದ್ದು ನನ್ನ ಕಡೆಗೆ ಬರುತ್ತದೆ ಎಂದೂ ನಂಬಿದ್ದೆ. ಆದ್ದರಿಂದ ಅವನು ಇನ್ನಷ್ಟು ಓದಲಿ ಎಂದು ನಾನು ಹಾರೈಸಿದಷ್ಟು ಅವನ ಹೆತ್ತವರೂ ಹಾರೈಸಿರಲಾರರು.

ಅಪ್ಪನಿಗೂ ದೊಡ್ಡಪ್ಪನಿಗೂ ಮಾತು ನಿಂತುಹೋಗಿದ್ದು ಒಂದು ಮದುವೆಯ ಪಂಕ್ತಿಯಲ್ಲಿ. ಹೋಳಿಗೆ ಮೊದಲು ಯಾರ ಎಲೆಗೆ ಬಿತ್ತು ಎಂಬ ವಿಚಾರ. ಅದು ಎಲ್ಲಿಗೆ ಮುಟ್ಟಿತೆಂದರೆ, ದೊಡ್ಡಪ್ಪ ಹಲಸೂರನ್ನೇ ಬಿಟ್ಟು ಕೃಷ್ಣರಾಜಪುರಕ್ಕೆ ಮನೆ ಬದಲಾಯಿಸಿದರು. ಆ ಮನೆಯ ಸುದ್ದಿ ಎತ್ತಿದರೆ ಅಪ್ಪ ತಟ್ಟೆ ಬಿಟ್ಟು ಏಳುತ್ತಿದ್ದರು. ಮುಂದೆ ದೊಡ್ಡಪ್ಪ ತೀರಿಕೊಂಡಾಗಲೂ ನಾವು ಹೋಗಲಿಲ್ಲ. ಸುದ್ದಿ ಬಂದ ದಿನ ಅಪ್ಪ ತಲೆಗೆ ತಣ್ಣೀರು ಸುರಿದುಕೊಂಡು ಬಂದು ಮೂಲೆಯಲ್ಲಿ ಕೂತರು, ಸಂಜೆಯವರೆಗೂ ಏಳಲಿಲ್ಲ. ಅಪ್ಪ ಹೋದಾಗ ಅವರೂ ಬರಲಿಲ್ಲ. ಜಗಳವಾಡಿದ ಇಬ್ಬರೂ ತೀರಿಕೊಂಡ ಮೇಲೂ ಜಗಳ ಮಾತ್ರ ಆರೋಗ್ಯವಾಗಿತ್ತು.

ಎರಡೂ ಮನೆಗೆ ಹೋಗಿ ಬರುತ್ತಿದ್ದವಳು ಒಬ್ಬಳೇ, ಇವರಿಬ್ಬರ ಅಕ್ಕ, ನನ್ನ ಸೋದರತ್ತೆ ಸಾಕಮ್ಮ. ಹೆಣ್ಣು ಮಕ್ಕಳು ಇಷ್ಟು ಸಾಕು ಎಂದು ಹೆತ್ತವರು ಇಟ್ಟ ಹೆಸರದು. ಆದರೆ ಅತ್ತೆಯ ಬಾಯಿಂದ ಸಾಕು ಎಂಬ ಮಾತು ನಮ್ಮ ಮನೆಯಲ್ಲಿ, ಒಂದು ಸಲ ಬಿಟ್ಟರೆ, ಯಾರೂ ಕೇಳಿದವರಿಲ್ಲ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಮಕ್ಕಳಿಲ್ಲ. ಹುಣ್ಣಿಮೆ ಹೊತ್ತಿಗೆ ನಮ್ಮ ಮನೆಗೆ ಬಂದರೆ ಅಮಾವಾಸ್ಯೆಗೆ ಹೊರಟುಬಿಡುತ್ತಿದ್ದಳು. ಉಳಿದ ಪಕ್ಷ ಆ ಮನೆಯಲ್ಲಿ. ಚಂದ್ರ ಸವೆಯುತ್ತಾ ಬಂದಷ್ಟೂ ನಮ್ಮ ಮನೆಯಲ್ಲಿ ಗಾದೆಗಳು ಹೆಚ್ಚುತ್ತಿದ್ದವು. ಕೈ ಕೆಸರಾದರೆ ಬಾಯಿ ಮೊಸರು. ಮನಸ್ಸಿದ್ದರೆ ಮಾರ್ಗ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ಗಾಳಿ ಬಂದಾಗ ತೂರಿಕೋ. ಅತ್ತೆ ಒಂದು ಗಾದೆ ಹೇಳುವಳು, ಒಂದು ಕ್ಷಣ ಸುಮ್ಮನಿರುವಳು, ಆಮೇಲೆ ಮೆಲ್ಲಗೆ ‘ನಮ್ಮ ಪ್ರಭು ನೋಡು’ ಎನ್ನುವಳು.

ಈ ಗಾದೆಗಳ ವ್ಯವಹಾರವನ್ನು ನಾನು ಬಹಳ ಹತ್ತಿರದಿಂದ, ಅಂದರೆ ಕೆಳಗಿನಿಂದ, ಅಭ್ಯಾಸ ಮಾಡಿದ್ದೇನೆ. ಗಾದೆಯಲ್ಲಿ ಯಾರ ಹೆಸರೂ ಇರುವುದಿಲ್ಲ, ಅದೇ ಅದರ ಬಲ. ಹೇಳಿದವರು ಯಾರು ಎಂದು ಜಗಳಕ್ಕೆ ಹೋಗಲಾಗದು, ಹೇಳಿದ್ದು ಊರು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಅದಕ್ಕೆ ಇನ್ನೊಂದು ಗಾದೆಯೇ ಜಾಮೀನು. ಹೆಸರು ಬರುವುದು ಗಾದೆ ಒಳಗೆ ಹೋಗಿ ಕೂತ ಮೇಲೆ, ಬಾಲದ ಹಾಗೆ. ಇನ್ನು, ಒಂದಕ್ಕೊಂದು ವಿರುದ್ಧವಾದ ಎರಡು ಗಾದೆಗಳು ಎಂದೂ ಮುಖಾಮುಖಿಯಾಗುವುದಿಲ್ಲ, ಏಕೆಂದರೆ ಅವುಗಳ ಪಾಳಿ ಬೇರೆ ಬೇರೆ. ಪರೀಕ್ಷೆಗೆ ಮುಂಚೆ ‘ಮನಸ್ಸಿದ್ದರೆ ಮಾರ್ಗ’, ಫಲಿತಾಂಶ ಬಂದ ಮೇಲೆ ‘ಪಾಲಿಗೆ ಬಂದದ್ದು ಪಂಚಾಮೃತ’. ನಾವು ಮೇಲೆ ಬಂದರೆ ‘ಗಾಳಿ ಬಂದಾಗ ತೂರಿಕೋ’, ಎದುರು ಮನೆಯವರು ಮೇಲೆ ಬಂದರೆ ‘ಅತಿ ಆಸೆ ಗತಿ ಕೇಡು’. ‘ಬಡವಾ ನೀ ಮಡಗಿದ ಹಾಗಿರು’ ಎಂಬುದನ್ನು ನಮಗೆ ನಾವೇ ಹೇಳಿಕೊಂಡು ನಿಟ್ಟುಸಿರು ಬಿಟ್ಟರೆ ಅದು ವೈರಾಗ್ಯ. ಅದನ್ನೇ ಇನ್ನೊಬ್ಬ ನಮಗೆ ಹೇಳಿದರೆ ಅವಮಾನ. ತೃಪ್ತಿಯ ಗಾದೆಯನ್ನು ಚಿಕ್ಕವರು ದೊಡ್ಡವರಿಗೆ ತಿರುಗಿ ಹೇಳುವಂತೆಯೂ ಇಲ್ಲ. ಅತ್ತೆ ‘ಕೈ ಕೆಸರಾದರೆ’ ಎಂದಾಗ ನಾನು ಒಮ್ಮೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಉತ್ತರ ಕೊಟ್ಟಿದ್ದೆ. ಗಾದೆ ಗಟ್ಟಿಯಾಗಿತ್ತು, ವಯಸ್ಸು ಸಾಲಲಿಲ್ಲ. ಅಪ್ಪನಿಂದ ಬಿದ್ದ ಏಟಿಗೆ ಮಾತ್ರ ಯಾವ ಗಾದೆಯೂ ಅಡ್ಡ ಬರಲಿಲ್ಲ.

ಇಷ್ಟೆಲ್ಲ ತಿಳಿದೂ ನಾನು ಮೋಸ ಹೋದೆ. ಡಿಗ್ರಿ ಎರಡನೇ ಸಲಕ್ಕೆ ಮುಗಿಸಿ, ಶಿವಾಜಿನಗರದಲ್ಲಿ ಒಂದು ಕನ್ನಡಕದ ಅಂಗಡಿ ಸೇರಿದ್ದೆ. ಬಂದವರ ಮೂಗಿನ ಮೇಲೆ ಖಾಲಿ ಫ್ರೇಮು ಕೂರಿಸಿ, ಒಂದಾದ ಮೇಲೊಂದು ಗಾಜು ಹಾಕಿ, ‘ಇದು ಚೆನ್ನಾಗಿ ಕಾಣುತ್ತಾ, ಅದಾ?’ ಎಂದು ಕೇಳುವ ಕೆಲಸ. ಹುಟ್ಟಿದಾಗಿನಿಂದ ಹೋಲಿಕೆಗೆ ಸಿಕ್ಕಿಬಿದ್ದವನಿಗೆ ದೇವರು ಕೊಟ್ಟ ಉದ್ಯೋಗವೂ ಹೋಲಿಕೆಯದೇ. ಪ್ರಭು ಆ ಹೊತ್ತಿಗೆ ಎಂಜಿನಿಯರಿಂಗ್ ಮುಗಿಸಿ ಮಹದೇವಪುರದ ಕಡೆ ಸ್ವಂತ ಕಾರ್ಖಾನೆ ಇಟ್ಟಿದ್ದಾನೆ ಎಂಬ ವರ್ತಮಾನ ಬಂತು. ಅವನನ್ನು ನೋಡಿ ಕಲಿ, ಅವನನ್ನು ನೋಡಿ ಕಲಿ ಎಂದು ಅಮ್ಮ ಬೆಳಗಾದರೆ ಜಪ. ಸರಿ, ಕಲಿತೆ. ಇಂದಿರಾನಗರದಲ್ಲಿ ಒಂದು ಸಣ್ಣ ಮಳಿಗೆ ಹಿಡಿದು ಸ್ವಂತ ಅಂಗಡಿ ತೆರೆದೆ. ಆ ಬಡಾವಣೆಯವರಿಗೆಲ್ಲ ಕಣ್ಣು ಚೆನ್ನಾಗಿ ಕಾಣುತ್ತದೆ ಎಂಬುದು ವರ್ಷದೊಳಗೆ ಗೊತ್ತಾಯಿತು. ಬಾಗಿಲು ಹಾಕಿ ಮನೆಗೆ ಬಂದ ದಿನ ಅಮ್ಮ ಊಟ ಬಡಿಸುತ್ತಾ ತಣ್ಣಗೆ, ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಂತೆ ಆಯಿತು ಎಂದಳು. ‘ನೋಡಿ ಕಲಿ’ ಎಂದಿದ್ದೂ ಇದೇ ಬಾಯಿ. ಹಳೇ ಅಂಗಡಿಯ ಸಾಹೇಬರು ಮಾತ್ರ ಏನೂ ಕೇಳದೆ ಮತ್ತೆ ಸೇರಿಸಿಕೊಂಡರು. ‘ಚಾದರ್ ದೇಖ್ ಕೇ ಪಾಂವ್ ಪಸಾರ್ನಾ’ ಎಂದು ಬೆನ್ನು ತಟ್ಟಿದರು. ನಮ್ಮ ಗಾದೆಯಲ್ಲಿ ಕೆಳಗೆ ಹಾಸುವ ಹಾಸಿಗೆ, ಅವರದರಲ್ಲಿ ಮೇಲೆ ಹೊದೆಯುವ ಚಾದರ. ಎರಡಕ್ಕೂ ಉದ್ದವಾಗಿದ್ದದ್ದು ನನ್ನ ಕಾಲು.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ನಾನು ಹೈಸ್ಕೂಲಿನಲ್ಲಿದ್ದಾಗ ಅತ್ತೆ ಒಮ್ಮೆ ಮಾಮೂಲಿಗಿಂತ ಮುಂಚೆ, ದೊಡ್ಡಪ್ಪನ ಮನೆಯಿಂದ ನೇರವಾಗಿ ನಮ್ಮಲ್ಲಿಗೆ ಬಂದಳು. ಮಳೆ ಬರುತ್ತಿತ್ತು, ಕರೆಂಟಿರಲಿಲ್ಲ. ನಾನು ಬುಡ್ಡಿಯ ಮುಂದೆ ಕೂತಿದ್ದೆ. ಅತ್ತೆ ಹಿಂದಿನಿಂದ ಬಂದು ನನ್ನ ತಲೆ ಸವರಿ, ‘ಸಾಕು ಮಲಕ್ಕೊಳೋ ಪ್ರಭು. ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು’ ಎಂದಳು. ನಾನು ಹಿಂತಿರುಗಿದೆ. ಬೆಳಕು ನನ್ನ ಮುಖಕ್ಕೆ ಬಿದ್ದಿದ್ದೇ ತಡ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಬೆನ್ನ ಹಿಂದೆ ನಿಂತ ಇನ್ನೊಬ್ಬನನ್ನು ಎಂದು ನನಗೆ ಅನ್ನಿಸಿತು. ಅಂದಿನಿಂದ ಆ ಮೂಲೆಯಲ್ಲಿ ನಾನು ಗೋಡೆಗೆ ಬೆನ್ನು ಒತ್ತಿಕೊಂಡೇ ಕೂರತೊಡಗಿದೆ.

ಕೃಷ್ಣರಾಜಪುರದಲ್ಲಿ ತೂಗುಸೇತುವೆ ಕಟ್ಟುತ್ತಿದ್ದ ಕಾಲದಲ್ಲಿ ಒಂದು ಹುಣ್ಣಿಮೆಗೆ ಅತ್ತೆ ಬರಲಿಲ್ಲ. ಮಾರನೇ ದಿನವೂ ಇಲ್ಲ, ಅದರ ಮಾರನೇ ದಿನವೂ ಇಲ್ಲ. ಅಷ್ಟು ವರ್ಷದಲ್ಲಿ ಹೀಗಾದದ್ದು ಅದೇ ಮೊದಲು. ಆ ಮನೆಯ ಫೋನ್ ನಂಬರು ನಮ್ಮಲ್ಲಿ ಇರಲಿಲ್ಲ, ಇಟ್ಟುಕೊಳ್ಳುವಂತೆಯೂ ಇರಲಿಲ್ಲ. ಅಮ್ಮ ಅನ್ನ ಬಿಟ್ಟಳು. ಜಗಳ ಅಣ್ಣ ತಮ್ಮಂದಿರದು, ಅವರೇ ಇಲ್ಲ, ನೀನು ಹೋಗಿ ನೋಡಿಕೊಂಡು ಬಾ ಎಂದಳು. ಅತ್ತೆಗೆ ಏನಾಯಿತೋ ಎಂಬ ಭಯ ನನಗೂ ಇತ್ತು. ಅವಳ ಗಾದೆಗಳು ಬೇಡವಾಗಿದ್ದವೇ ಹೊರತು ಅವಳು ಬೇಡವಾಗಿರಲಿಲ್ಲ. ಆದರೆ ಪ್ರಭುವಿನ ಮುಂದೆ ಹೋಗಿ ನಿಲ್ಲಬೇಕಲ್ಲ ಎಂದು ನೆನೆದು ಎರಡು ಬಸ್ಸು ಬಿಟ್ಟು ಮೂರನೆಯದನ್ನು ಹತ್ತಿದೆ. ಹಳೇ ಮದ್ರಾಸ್ ರಸ್ತೆಯ ಬಸ್ಸು ಬೈಯಪ್ಪನಹಳ್ಳಿ ದಾಟಿ, ಟಿನ್ ಫ್ಯಾಕ್ಟರಿ ಹತ್ತಿರ ನಿಂತೇ ನಿಂತಿತು. ಅರ್ಧ ಕಟ್ಟಿದ ಸೇತುವೆಯ ಎತ್ತರದ ಕಂಬಗಳು ಸಂಜೆಯ ಆಕಾಶಕ್ಕೆ ಚುಚ್ಚಿಕೊಂಡಿದ್ದವು, ಅವುಗಳ ಕೆಳಗೆ ಇನ್ನೂ ರಸ್ತೆ ಇರಲಿಲ್ಲ. ಸ್ಟೇಷನ್ ದಾಟಿ, ವಿಳಾಸ ಕೇಳಿಕೊಂಡು ಆ ಮನೆಯ ಮುಂದೆ ಹೋಗಿ ನಿಂತಾಗ ದೀಪ ಹಚ್ಚುವ ಹೊತ್ತು.

ಗೇಟು ನಾನು ಮುಟ್ಟುವ ಮೊದಲೇ ತೆರೆಯಿತು. ಹತ್ತು ವರ್ಷದ ಹುಡುಗಿಯೊಬ್ಬಳು ನನ್ನನ್ನು ಕಂಡವಳೇ ಕಣ್ಣು ದೊಡ್ಡದು ಮಾಡಿ, ‘ಅಜ್ಜೀ, ಫೋಟೋ ಚಿಕ್ಕಪ್ಪ’ ಎಂದು ಪಿಸುಗುಟ್ಟಿ ಒಳಗೆ ಓಡಿದಳು. ಒಳಗಿಂದ ಬಂದ ದೊಡ್ಡಮ್ಮ ನಾನು ಯಾರೆಂದು ಕೇಳಲಿಲ್ಲ. ಬಾ ನಾಗೇಶ ಎಂದು, ದಿನಾ ಬರುವವನನ್ನು ಕರೆಯುವಂತೆ ಕರೆದರು. ನಡುಮನೆಗೆ ಕಾಲಿಟ್ಟೆ. ಎದುರು ಗೋಡೆಯ ಮೇಲೆ ನಾನಿದ್ದೆ. ಐದು ವರ್ಷದ ನಾನು, ಕಪ್ಪು ಬಿಳುಪಿನಲ್ಲಿ, ಚೌಕಟ್ಟಿನೊಳಗೆ ನಗುತ್ತಾ. ಫೋಟೋದ ಮೇಲೆ ಹೂವಿತ್ತು, ಹಣೆಗೆ ಕುಂಕುಮವಿತ್ತು. ನನ್ನ ಬಲ ಹೆಗಲ ಮೇಲೆ ಒಂದು ಕೈ ಇತ್ತು.

ತನ್ನ ಫೋಟೋಗೆ ಹೂ ಹಾಕಿರುವುದನ್ನು ನೋಡುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ. ನಾನು ತೀರಿಕೊಂಡಿದ್ದೇನೆಯೇ ಎಂದು ಕ್ಷಣಕಾಲ ನಿಜವಾಗಿ ಅನುಮಾನ ಬಂತು. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ಅಷ್ಟು ಹೊತ್ತು ಏಕೆ ನಿಂತಿತ್ತು ಎಂದು ಯೋಚಿಸಿದೆ. ದೊಡ್ಡಮ್ಮ ಸಮಾಧಾನವಾಗಿ, ಪ್ರತಿ ಶುಕ್ರವಾರ ಹಾಕುತ್ತೇನಪ್ಪ, ನಿನಗಿರುವ ತೃಪ್ತಿ ನಮ್ಮ ಪ್ರಭುವಿಗೂ ಬರಲಿ ಎಂದು ಬೇಡಿಕೊಂಡು ಎಂದರು. ಕಾಫಿ ಬಂತು, ಸಕ್ಕರೆ ಇರಲಿಲ್ಲ. ನೀನು ಕೊಟ್ಟಷ್ಟು ಕುಡಿಯುವವನು, ಸಕ್ಕರೆ ಕೂಡ ಕೇಳುವುದಿಲ್ಲವಂತೆ, ಸಾಕಮ್ಮ ಹೇಳಿದ್ದಾಳೆ ಎಂದರು. ನನಗೆ ಎರಡು ಚಮಚ ಬೇಕು. ಆದರೂ ಹಾಗೇ ಒಂದು ಗುಟುಕು ಕುಡಿದೆ. ಆ ಮನೆಯಲ್ಲಿ ಒಬ್ಬ ನಾಗೇಶ ಎಷ್ಟೋ ವರ್ಷದಿಂದ ವಾಸವಾಗಿದ್ದ. ಅವನು ಯಾರ ಮೇಲೂ ಹೊಟ್ಟೆಕಿಚ್ಚು ಪಟ್ಟವನಲ್ಲ, ಎರಡನೇ ಸಲ ಬಡಿಸಿಕೊಂಡವನಲ್ಲ, ಸ್ವಂತ ಅಂಗಡಿ ಮುಚ್ಚಿದ ದಿನ ನಗುನಗುತ್ತಾ ಬಂದು ಉಂಡು ಮಲಗಿದವನು. ಕುರ್ಚಿಯಲ್ಲಿ ಕೂತಿದ್ದದ್ದು ಅವನು. ನಾನು ಅವನ ಜೊತೆಗೆ ಬಂದಿದ್ದೆ, ಅಷ್ಟೇ. ಪ್ರಭುವಿನ ಮುಂದೆ ಸೋಲುವುದು ನನಗೆ ಅಭ್ಯಾಸವಾಗಿತ್ತು. ನನ್ನ ಮುಂದೆಯೇ ನಾನು ಸೋಲುತ್ತೇನೆಂದು ಎಣಿಸಿರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಮೇಣದಬತ್ತಿ ಹಿಡಿದು ಒಬ್ಬ ಮನುಷ್ಯ ಮೆಟ್ಟಿಲಿಳಿದು ಬಂದ. ತಲೆ ಮುಂಭಾಗದಲ್ಲಿ ಬೋಳಾಗಿತ್ತು, ಕಣ್ಣಿನ ಸುತ್ತ ಕಪ್ಪು, ಮೈ ಬಡಕಲು. ದುರುಗುಟ್ಟುವ ಕಣ್ಣು ಮಾತ್ರ ಅದೇ. ಅವನು ಬಂದು ನನ್ನ ಮುಖದ ಹತ್ತಿರ ಬತ್ತಿ ಹಿಡಿದ, ಆಮೇಲೆ ಗೋಡೆಯ ಮೇಲಿನ ಫೋಟೋ ಹತ್ತಿರ ಹಿಡಿದ, ಮತ್ತೆ ನನ್ನ ಹತ್ತಿರ ತಂದ. ಪ್ರಭಾಕರ ನನ್ನನ್ನು ಕಂಡು ಹೆದರಿದ್ದ.

‘ನಿಂಗೆ ದಿಂಬಿಗೆ ತಲೆ ಕೊಟ್ಟ ತಕ್ಷಣ ನಿದ್ದೆ ಬರುತ್ತಂತಲ್ಲ?’ ಎಂದ. ಮೊದಲ ಮಾತೇ ಅದು.

‘ಯಾರು ಹೇಳಿದ್ದು? ನೀನೇ ಅಲ್ವಾ ಗಡದ್ದಾಗಿ ನಿದ್ದೆ ಮಾಡಿ ಬೆಳಗ್ಗೆ ನಾಲ್ಕಕ್ಕೆ ಏಳೋನು?’

‘ನಾಲ್ಕಕ್ಕೆ ಏಳೋದಲ್ಲ, ಅಲ್ಲೀವರ್ಗೂ ನಿದ್ದೇನೇ ಬರಲ್ಲ’ ಎಂದು ಪ್ರಭು ಎದುರಿಗೆ ಕುಸಿದು ಕೂತ.

ಕತ್ತಲಲ್ಲಿ ಎಲ್ಲ ಹೊರಗೆ ಬಂತು. ಅವನ ಅಪ್ಪ ಅವನ ಓದು ನೋಡಿ ಹೆದರಿದ್ದರಂತೆ, ಹುಡುಗ ಪುಸ್ತಕ ಬಿಟ್ಟು ಏಳುವುದಿಲ್ಲ, ಮೈ ಹತ್ತುವುದಿಲ್ಲ ಎಂದು. ಅತ್ತೆ ಆ ಮನೆಯಲ್ಲಿ ಹೇಳುತ್ತಿದ್ದದ್ದೆಲ್ಲ ತೃಪ್ತಿಯ ಗಾದೆಗಳು. ಅತಿ ಆಸೆ ಗತಿ ಕೇಡು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಪಾಲಿಗೆ ಬಂದದ್ದು ಪಂಚಾಮೃತ. ಒಂದು ಕ್ಷಣ ಬಿಟ್ಟು, ‘ನಮ್ಮ ನಾಗೇಶನ್ನ ನೋಡು.’ ಅವನಿಗೆ ರ‍್ಯಾಂಕು ಬಂದ ದಿನವೂ ಅದೇ ಮಾತು, ಕಾರ್ಖಾನೆ ಉದ್ಘಾಟನೆಯ ದಿನವೂ ಅದೇ. ಏನು ಗೆದ್ದರೂ ಹಲಸೂರಿನಲ್ಲೊಬ್ಬ ಗೆಲ್ಲದೆಯೇ ಸುಖವಾಗಿದ್ದಾನೆ ಎಂಬ ಯೋಚನೆ ಅವನನ್ನು ತಿಂದಿತ್ತು. ಸೋತವನನ್ನು ಓಡಿ ಸೋಲಿಸಬಹುದು, ಕೂತವನನ್ನು ಸೋಲಿಸುವುದು ಹೇಗೆ ಎಂದ. ನಾನು ಒಂದು ದಿನವೂ ಸುಖವಾಗಿ ಕೂತಿಲ್ಲ ಮಾರಾಯ ಎಂದು ಹೇಳಿದೆ. ಅವನು ನಂಬಲಿಲ್ಲ. ಕೊನೆಗೆ ಕಾಫಿಗೆ ಸಕ್ಕರೆ ಕೇಳಿದೆ. ಆಗ ನಂಬಿದ.

ಅತ್ತೆ ಎಲ್ಲಿ ಎಂದು ಕೇಳಿದ್ದು ಆಮೇಲೆ. ದೊಡ್ಡಮ್ಮ ನನ್ನ ಮುಖವನ್ನೇ ನೋಡಿದರು. ನಿಮ್ಮ ಮನೆಗೆ ಎಂದು ಹೇಳಿ ಹೋಗಿ ಆರು ದಿನವಾಯಿತಲ್ಲ ಎಂದರು. ಲೆಕ್ಕ ಹಾಕಿದರೆ, ಅವಳು ಪ್ರತಿ ಸಲ ಆ ಮನೆ ಬಿಡುವ ದಿನಕ್ಕೂ ನಮ್ಮ ಮನೆ ತಲುಪುವ ದಿನಕ್ಕೂ ನಡುವೆ ಒಂದೆರಡು ದಿನ ಉಳಿಯುತ್ತಿತ್ತು. ಇಲ್ಲಿಂದ ಹಲಸೂರು ಒಂದು ಗಂಟೆಯ ದಾರಿ. ಆ ದಿನಗಳಲ್ಲಿ ಸಾಕಮ್ಮತ್ತೆ ಎರಡೂ ಮನೆಯಲ್ಲಿ ಇರುತ್ತಿರಲಿಲ್ಲ. ಹಾಗಾದರೆ ಎಲ್ಲಿರುತ್ತಿದ್ದಳು? ಅಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಪ್ರಭು ತನ್ನ ಡ್ರೈವರನ್ನು ಕರೆಸಿದ. ಆತ ತಲೆ ಕೆರೆದುಕೊಂಡು, ಅಮ್ಮ ಯಾವಾಗಲೂ ಲಿಂಗರಾಜಪುರದಲ್ಲೇ ಇಳಿಯುತ್ತಾರೆ ಸಾರ್, ಹೇಳಬೇಡ ಅಂದಿದ್ದರು ಎಂದ.

ಪ್ರಭು, ನಾನು, ಡ್ರೈವರು ಕಾರಿನಲ್ಲಿ ಹೊರಟೆವು. ಅವಳು ಬದುಕಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಪ್ರಭುವೂ ಅದನ್ನೇ ಬೇಡುತ್ತಿದ್ದನೆಂದು ಅವನ ತುಟಿ ನೋಡಿದರೆ ತಿಳಿಯುತ್ತಿತ್ತು. ಲಿಂಗರಾಜಪುರದಲ್ಲಿ ಡ್ರೈವರು ತೋರಿಸಿದ ವಠಾರದ ಕೊನೆಯ ಕೋಣೆಯ ಬಾಗಿಲು ಓರೆಯಾಗಿತ್ತು. ಒಳಗೆ ಚಾಪೆಯ ಮೇಲೆ, ಗೋಡೆಗೆ ಒರಗಿ, ಕಾಲಿಗೆ ಪಟ್ಟಿ ಕಟ್ಟಿಕೊಂಡು ಅತ್ತೆ ಕೂತಿದ್ದಳು. ಅವಳ ತಲೆಯ ಮೇಲೆ ಗೋಡೆಯ ಮೊಳೆಗೆ ಸಿಕ್ಕಿಸಿದ ಒಂದು ಕಿರಿದಾದ ಫೋಟೋ. ಹರೆಯದ ಸಾಕಮ್ಮತ್ತೆ ನೆಟ್ಟಗೆ ನಿಂತಿದ್ದಳು. ಎರಡೂ ತೋಳು ಎರಡು ಕಡೆಗೆ ಚಾಚಿದ್ದವು, ಎರಡೂ ಮಣಿಕಟ್ಟಿನ ಹತ್ತಿರ ಮುಗಿದಿದ್ದವು. ಕೈಗಳಿರಲಿಲ್ಲ.

ಅಷ್ಟು ವರ್ಷ ನಾನು ಹೆದರಿದ್ದ ಕೈಯ ಒಡತಿ ಅವಳು. ಪ್ರಭು ಫೋಟೋ ನೋಡಿದ, ನನ್ನನ್ನು ನೋಡಿದ, ಚಾಪೆಯ ತುದಿಯಲ್ಲಿ ಕೂತುಬಿಟ್ಟ. ನಾನು ಇನ್ನೊಂದು ತುದಿಯಲ್ಲಿ ಕೂತೆ. ಅತ್ತೆ ನಮ್ಮಿಬ್ಬರನ್ನೂ ಒಟ್ಟಿಗೆ ನೋಡುತ್ತಿದ್ದದ್ದು ಆ ಸ್ಟುಡಿಯೋದ ನಂತರ ಅದೇ ಮೊದಲು. ಅವಳ ಕಣ್ಣು ಅವನಿಂದ ನನಗೆ, ನನ್ನಿಂದ ಅವನಿಗೆ ಹೋಗಿ ಬಂತು. ಗಾದೆಗಾಗಿ ಬಾಯಿ ತೆರೆದಳು, ಒಂದೂ ಬರಲಿಲ್ಲ. ನಮ್ಮ ಸಾಹೇಬರ ಅಂಗಡಿಯಲ್ಲಿ ಎರಡು ಗಾಜು ಹಾಕಿ ನೋಡಿ, ‘ಎರಡೂ ಒಂದೇ ಥರ ಕಾಣುತ್ತೆ’ ಎಂದು ಬಂದವರು ಹೇಳಿದರೆ ಆ ಪರೀಕ್ಷೆ ಅಲ್ಲಿಗೆ ಮುಗಿದಂತೆ. ಅತ್ತೆಯ ಪರೀಕ್ಷೆಯೂ ಮುಗಿದಿತ್ತು. ಎದುರಿಗಿಲ್ಲದವನ ಜೊತೆ ಮಾತ್ರ ಹೋಲಿಸಲು ಬರುತ್ತದೆ ಎಂಬುದು ನನಗೆ ತಿಳಿದದ್ದು ಆಗ.

ಬಚ್ಚಲಲ್ಲಿ ಜಾರಿ ಬಿದ್ದಳಂತೆ. ಯಾಕೆ ಯಾರಿಗೂ ಹೇಳಿ ಕಳಿಸಲಿಲ್ಲ ಎಂದು ಪ್ರಭು ಗದರಿದ. ಯಾವ ಮನೆಗೆ ಕಳಿಸಲಿ, ಒಬ್ಬರಿಗೆ ಹೇಳಿದರೆ ಇನ್ನೊಬ್ಬರಿಗೆ ಹೇಳದಂತಾಗುತ್ತೆ ಎಂದಳು. ಈ ಕೋಣೆ ಏಕೆ ಎಂದು ನಾನು ಕೇಳಿದೆ. ಬಾಯಿ ಮುಚ್ಚಿಕೊಂಡಿರಲು ಒಂದು ಜಾಗ ಬೇಕಲ್ಲ ಎಂದಳು. ಆ ಮನೆಯ ಗಾದೆ ಮರೆತು ಈ ಮನೆಯ ಗಾದೆ ನಾಲಿಗೆಗೆ ಬರಲು ಒಂದೆರಡು ದಿನ ಬೇಕಾಗುತ್ತಿತ್ತಂತೆ. ಒಮ್ಮೆ ಮಳೆಯೆಂದು ಇಲ್ಲಿ ಇಳಿಯದೆ ನೇರ ಹಲಸೂರಿಗೆ ಬಂದು ಎಡವಟ್ಟಾಗಿತ್ತಂತೆ. ಅದು ಯಾವ ದಿನ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಪ್ರಭು ಗೋಡೆಯ ಕಡೆ ಕೈ ತೋರಿಸಿ, ‘ಯಾಕತ್ತೆ ಕತ್ತರಿಸಿದ್ದು?’ ಎಂದ.

ಅತ್ತೆ ಕಾಲಿನ ಪಟ್ಟಿಯನ್ನು ಸರಿಮಾಡಿಕೊಂಡಳು. ‘ನಿಮ್ಮಪ್ಪಂದಿರು ಇಬ್ರೂ ಆಣೆ ಹಾಕಿದ್ರು ಕಣ್ರೋ, ಆ ಮನೆ ಸುದ್ದಿ ಈ ಮನೇಲಿ ಎತ್ತಬಾರ್ದು ಅಂತ. ಸುದ್ದಿ ಹೇಳಿದ್ರೆ ಎದ್ದು ಹೋಗೋರು. ಗಾದೆ ಹೇಳಿದ್ರೆ ಕೂತು ಕೇಳೋರು. ಅದಕ್ಕೇ ಗಾದೆ ಹಿಂದೆ ನಿಮ್ಮ ಹೆಸರು ಕಟ್ಟಿ ಕಳಿಸ್ದೆ. ಮಕ್ಕಳಿಗೆ ಬುದ್ಧಿ ಬರ್ಲಿ ಅಂತ ಹೇಳಿ ಅವನ ಮನೇಲಿ ಇವನ ಫೋಟೋ, ಇವನ ಮನೇಲಿ ಅವನ ಫೋಟೋ ತಗಲಾಕ್ಸಿದೆ. ಬೈಯೋಕಾದ್ರೂ ಹೆಸರು ಬಾಯಿಗೆ ಬರ್ಲಿ ಅಂತ. ಇಲ್ದಿದ್ರೆ ನೀವು ಒಬ್ಬರ ಪಾಲಿಗೊಬ್ಬರು ಯಾವತ್ತೋ ಸತ್ತೋಗಿರ್ತಿದ್ರಿ.’

ಅಪ್ಪನ ಮುಖ ನನಗೆ ನೆನಪಾಯಿತು. ‘ನಮ್ಮ ಪ್ರಭು ನೋಡು’ ಎಂದು ಅತ್ತೆ ಶುರು ಮಾಡಿದಾಗಲೆಲ್ಲ ಅಪ್ಪ ತುತ್ತು ಕೈಯಲ್ಲೇ ಹಿಡಿದು, ಅವನಿಗೆ ಎಷ್ಟು ಅಂಕವಂತೆ, ಜ್ವರ ಬಿಟ್ಟಿತಂತಾ ಎಂದು ಒಂದೊಂದೇ ಕೇಳು‍ತ್ತಿದ್ದರು. ನನ್ನನ್ನು ಹಂಗಿಸಲು ಕೇಳುತ್ತಾರೆಂದು ನಾನು ಕುದಿಯುತ್ತಿದ್ದೆ. ಅವರು ನನ್ನ ನೆಪದಲ್ಲಿ ಅಣ್ಣನ ಮನೆಯ ಕ್ಷೇಮ ಕೇಳುತ್ತಿದ್ದರು. ನನಗೆ ಅಳು ಬಂತು. ಪ್ರಭು ಅದಾಗಲೇ ಅಳುತ್ತಿದ್ದ, ಅದರಲ್ಲೂ ನನಗಿಂತ ಮುಂದೆ.

ನಾವಿಬ್ಬರೂ ಹೀಗೆ ಕೂತಿದ್ದಾಗ ಬಾಗಿಲಲ್ಲಿ ಪಕ್ಕದ ಕೋಣೆಯ ಹೆಂಗಸು ಗಂಜಿಯ ಪಾತ್ರೆ ಹಿಡಿದು ಬಂದು, ನಮ್ಮನ್ನು ನೋಡಿ, ಅಲ್ಲೇ ಇಟ್ಟು ಹೋದಳು. ಅತ್ತೆ ಪಾತ್ರೆ ನೋಡಿದಳು, ನಮ್ಮನ್ನು ನೋಡಿದಳು. ಮುಖಕ್ಕೆ ಹಳೆಯ ಕಳೆ ಬಂತು. ‘ಹತ್ತಿರದ ನೆಂಟನಿಗಿಂತ ದೂರದ ನೆರೆಯವಳೇ ಮೇಲು’ ಎಂದು ಯಾವುದನ್ನೋ ತಿರುಗುಮುರುಗು ಮಾಡಿ ಹೇಳಿ, ಒಂದು ಕ್ಷಣ ಸುಮ್ಮನಿದ್ದು, ‘ನಮ್ಮ ಮೇರಿ ನೋಡಿ’ ಎಂದಳು. ನಮ್ಮಿಬ್ಬರನ್ನೂ ಒಟ್ಟಿಗೆ ಹೋಲಿಸಿದ್ದು ಅದೇ ಮೊದಲು. ಒಟ್ಟಿಗೆ ಸೋತಾಗ ಅಷ್ಟೇನೂ ನೋಯುವುದಿಲ್ಲ.

ಅತ್ತೆ ಈಗಿಲ್ಲ. ಫೋಟೋದ ಮೂರು ತುಂಡುಗಳನ್ನು ನಾನೇ ಅಂಗಡಿಯಲ್ಲಿ ಕೂತು, ಸಾಹೇಬರ ಭೂತಗನ್ನಡಿ ಹಿಡಿದು ಜೋಡಿಸಿ ಒಂದೇ ಚೌಕಟ್ಟಿಗೆ ಹಾಕಿಸಿದೆ. ಕೈಗಳು ಅವಳಿಗೆ ಮರಳಿದವು. ಒಂದೇ ಫೋಟೋ, ಎರಡು ಮನೆ. ಆದ್ದರಿಂದ ಅದು ಅತ್ತೆಯ ಹಾಗೆಯೇ ಓಡಾಡುತ್ತದೆ, ಹುಣ್ಣಿಮೆಗೆ ನಮ್ಮಲ್ಲಿಗೆ, ಅಮಾವಾಸ್ಯೆಗೆ ಪ್ರಭುವಿನಲ್ಲಿಗೆ. ಹೋಲಿಕೆ ಎಂಬುದನ್ನು ಇನ್ನು ನಮ್ಮ ಮನೆಗಳಿಂದ ಓಡಿಸಬೇಕೆಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ. ಈ ವಿಷಯದಲ್ಲಿ ಪ್ರಭು ನನಗಿಂತ ಬಿಗಿ.

ಮೊನ್ನೆ ಸಂಜೆ ಕರೆಂಟು ಹೋಗಿತ್ತು. ಫೋಟೋ ಆ ಮನೆಯಲ್ಲಿತ್ತು, ನಮ್ಮ ಗೋಡೆಯ ಮೇಲೆ ಬೆಳ್ಳಗಿನ ಚೌಕ ಮಾತ್ರ ಉಳಿದಿತ್ತು. ನನ್ನ ಮಗಳು ಪುಸ್ತಕ ಮುಚ್ಚಿಟ್ಟು ಆಕಳಿಸಿದಳು. ಸುಮ್ಮನಿರಬೇಕೆಂದೇ ಇದ್ದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದು ತಾನಾಗಿ ಬಂದುಬಿಟ್ಟಿತು. ಒಂದು ಕ್ಷಣ ತಡೆದೆ. ಆಮೇಲೆ ಮೆಲ್ಲಗೆ, ‘ಪ್ರಭು ದೊಡ್ಡಪ್ಪನ ಮಗಳನ್ನ ನೋಡು’ ಎಂದೆ. ಮಗಳು ನನ್ನನ್ನು ನೋಡಲಿಲ್ಲ. ನನ್ನ ಬಲ ಹೆಗಲಿನ ಕಡೆಗೆ ನೋಡುತ್ತಿದ್ದಳು. ಅಲ್ಲಿ ಯಾರೋ ಹಗುರವಾಗಿ ಕೈ ಇಟ್ಟಂತಿತ್ತು. ನಾನು ತಿರುಗಿ ನೋಡಲಿಲ್ಲ. ಅದು ಯಾರ ಕೈ ಎಂದು ಗೊತ್ತಿದ್ದ ಮೇಲೆ ನೋಡುವುದೇನು.